ಎಸರು, ಹಂಚು, ಬುಟ್ಟಿ: ಮೊದಲ ಭಾಷಣ ಮರೆಯದಿರಲು

1891ರಲ್ಲಿ ಬ್ಯಾರಿಸ್ಟರ್ ಓದು ಮುಗಿಸಿ ಲಂಡನ್ ಬಿಡುವ ಮುನ್ನ ಗಾಂಧೀಜಿ ಸಸ್ಯಾಹಾರಿ ಗೆಳೆಯರನ್ನು ಊಟಕ್ಕೆ ಕರೆದಿದ್ದರು. ಆ ಹೊತ್ತಿಗೆ ಕೆಲವೇ ವಾಕ್ಯದ ಮಾತನ್ನು ಬಹಳ ಯೋಚಿಸಿ ಹೊಂದಿಸಿಕೊಂಡಿದ್ದರು. ಶುರುವಿಗೆ ಒಂದು ತಮಾಷೆ: ಆಡಿಸನ್ ಎಂಬ ಇಂಗ್ಲಿಷ್ ಲೇಖಕ ಪಾರ್ಲಿಮೆಂಟಿನಲ್ಲಿ ಒಂದೇ ಮಾತನ್ನು ಮೂರು ಸಲ ಹೇಳಿ, ಮುಂದೆ ತೋಚದೆ ಕೂತ ಪ್ರಸಂಗ. ಗಾಂಧೀಜಿ ಎದ್ದರು, ಮೊದಲ ವಾಕ್ಯ ಬಂತು, ಎರಡನೆಯದು ಬರಲೇ ಇಲ್ಲ. ಬಂದವರಿಗೆ ವಂದನೆ ಹೇಳಿ ಕೂತುಬಿಟ್ಟರು. ಇದನ್ನು ಅವರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಅಂಜಿಕೆ ಇದ್ದದ್ದು ನಿಜ. ಆದರೆ ಬಾಯಿಪಾಠದ ಮಾತಿಗೆ ಇನ್ನೊಂದು ಕುತ್ತು ಇದೆ. ಅದು ಸರಪಳಿ, ಪ್ರತಿ ವಾಕ್ಯವೂ ಹಿಂದಿನ ವಾಕ್ಯದ ಬಾಲ ಹಿಡಿದೇ ಬರಬೇಕು. ಒಂದು ಕೊಂಡಿ ಕಳಚಿದರೆ ಮುಂದಿನದೆಲ್ಲ ಕೈಗೆ ಸಿಗುವುದಿಲ್ಲ.

ಧಾರವಾಡ ಕಡೆಯ ರೊಟ್ಟಿ ಸಂಘವೊಂದರ ಅಧ್ಯಕ್ಷೆ ತಾಲ್ಲೂಕು ಸಮಾವೇಶದಲ್ಲಿ ಮೂರು ನಿಮಿಷ ಮಾತಾಡಬೇಕು ಎಂದಿಟ್ಟುಕೊಳ್ಳೋಣ. ಮೈಕು ಹಿಡಿಯುವುದು ಇದೇ ಮೊದಲು. ಕಾಲೇಜು ಓದಿದ ಅಳಿಯ ಬರೆದುಕೊಟ್ಟ ಭಾಷಣ ಹೀಗಿದೆ: ‘ಆರ್ಥಿಕ ಸ್ವಾವಲಂಬನೆಯ ಸದುದ್ದೇಶದಿಂದ ಪ್ರೇರಿತರಾಗಿ ನಮ್ಮ ಸಂಘವು ಅಸ್ತಿತ್ವಕ್ಕೆ ಬಂದಿದ್ದು, ತದನಂತರ ಉಳಿತಾಯ ಚಟುವಟಿಕೆಯನ್ನು ಕೈಗೊಂಡು...’ ಅಳಿಯನ ಪ್ರೀತಿಗೆ ಕೊರತೆಯಿಲ್ಲ, ವಾಕ್ಯಕ್ಕೆ ಮಾತ್ರ ಉಸಿರಾಡಲು ಜಾಗವಿಲ್ಲ.

ಇದನ್ನು ತಿದ್ದಲು ಕೂತವರು ಮೊದಲು ಪೆನ್ನು ಹಿಡಿಯಬಾರದು. ಆಕೆಯಿಂದ ಒಮ್ಮೆ ಗಟ್ಟಿಯಾಗಿ ಓದಿಸಬೇಕು. ನಾಲಿಗೆ ತೊಡರಿದ ಕಡೆ, ಉಸಿರು ಮುಗಿದ ಕಡೆ ಪೆನ್ಸಿಲಿನಿಂದ ಗೆರೆ ಎಳೆಯಬೇಕು. ‘ಸ್ವಾವಲಂಬನೆ’ ಮೂರು ಸಲವೂ ತೊಡರಿದರೆ ಆ ಪದ ವೇದಿಕೆಯಲ್ಲೂ ತೊಡರುತ್ತದೆ. ಆಮೇಲೆ ಹಾಳೆ ಮಗುಚಿಟ್ಟು ‘ಅಕ್ಕಾ, ಸಂಘ ಹೆಂಗ ಶುರುವಾತು, ಹೇಳ್ರಿ’ ಎಂದು ಕೇಳಿ, ಆಕೆ ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಬೇಕು: ‘ನಾವು 12 ಮಂದಿ. ವಾರಕ್ಕ 20 ರೂಪಾಯಿ ಕೂಡಿಸಿದ್ವಿ. ಎರಡು ತಿಂಗಳ ಮ್ಯಾಲೆ ಮೊದಲನೇ ಚೀಲ ಜೋಳ ತಂದ್ವಿ.’ ಹೊಸ ಭಾಷಣದ ಮೊದಲ ಪ್ಯಾರಾ ಇದೇ. ಸರಳ ಪದ ಎಂದರೆ ನಿಘಂಟಿನ ಸಣ್ಣ ಪದವಲ್ಲ, ಆಕೆಯ ಬಾಯಲ್ಲಿ ಆಗಲೇ ಓಡಾಡುತ್ತಿರುವ ಪದ. ‘ಕೂಡಿಸಿದ್ವಿ’ಯನ್ನು ‘ಉಳಿಸಿದೆವು’ ಎಂದು ಗ್ರಂಥಕ್ಕೆ ತಂದರೆ ತಿದ್ದಿದ್ದು ಮತ್ತೆ ಕೆಟ್ಟಂತೆ.

ಇನ್ನು ನೆನಪಿನ ಗೂಟಗಳು. ಪ್ರಾಚೀನ ರೋಮಿನ ಸಿಸೆರೋ ಕ್ರಿ.ಪೂ. 55ರ ತನ್ನ ಗ್ರಂಥದಲ್ಲಿ ಗ್ರೀಕ್ ಕವಿ ಸಿಮೊನಿಡೀಸನ ಕಥೆಯೊಂದನ್ನು ಹೇಳುತ್ತಾನೆ. ಔತಣದ ಮನೆಯ ಸೂರು ಕುಸಿದು, ಸತ್ತವರ ಗುರುತೇ ಸಿಗದಾದಾಗ ಕವಿ ಯಾರು ಎಲ್ಲಿ ಕೂತಿದ್ದರೆಂದು ನೆನೆದು ಒಬ್ಬೊಬ್ಬರನ್ನೂ ಗುರುತಿಸಿದನಂತೆ. ಗೊತ್ತಿರುವ ಜಾಗಕ್ಕೆ ನೇತುಹಾಕಿದ ವಿಷಯ ಬೇಗ ಮರೆಯುವುದಿಲ್ಲ ಎಂಬ ಉಪಾಯ ಅಲ್ಲಿಂದ ಬಂತೆಂಬುದು ಐತಿಹ್ಯ.

ಅಧ್ಯಕ್ಷೆಗೆ ಅರಮನೆಯ ಕಂಬಗಳನ್ನು ಕಲ್ಪಿಸಿಕೊಳ್ಳುವ ಗೋಜು ಬೇಡ. ಕೈಗೆ ರೂಢಿಯಾದ ಕೆಲಸವೊಂದು ಇದ್ದೇ ಇದೆ. ಹಿಟ್ಟು ಎಂದರೆ ಸಂಘ ಹುಟ್ಟಿದ ಬಗೆ. ಎಸರು ಎಂದರೆ ಕುದಿದ ದಿನಗಳು, ಸಾಲ ಸಿಗದೆ ಅಲೆದಾಡಿದ್ದು. ಬಡಿಯುವುದು ಎಂದರೆ ದಿನದ ದುಡಿಮೆ. ಹಂಚು ಎಂದರೆ ಸುಟ್ಟುಕೊಂಡು ಕಲಿತ ಪಾಠ: ಪೂರ್ತಿ ಒಣಗದ ಕಟಕ ರೊಟ್ಟಿ ಪೊಟ್ಟಣದಲ್ಲಿ ಬೂಷ್ಟು ಹಿಡಿದು ವಾಪಸ್ ಬಂದದ್ದು. ಬುಟ್ಟಿ ಎಂದರೆ ಮಾರಾಟ ಮತ್ತು ಕೊನೆಯ ಕೋರಿಕೆ. ರೊಟ್ಟಿ ಮಾಡುವ ಕ್ರಮ ತಪ್ಪದಿದ್ದರೆ ಮಾತಿನ ಕ್ರಮವೂ ತಪ್ಪದು. ಮೂರು ನಿಮಿಷಕ್ಕೆ ಐದು ಗೂಟ ಸಾಕು. ಎಂಟೊಂಬತ್ತು ನೆಟ್ಟರೆ ಗೂಟಗಳನ್ನೇ ಬಾಯಿಪಾಠ ಮಾಡಬೇಕಾಗುತ್ತದೆ.

ಎರಡು ಪ್ಯಾರಾ ಒಂದೇ ಥರ ಶುರುವಾಗದಂತೆಯೂ ನೋಡಿಕೊಳ್ಳಬೇಕು. ‘ನಮ್ಮ ಸಂಘದಾಗ’ ಎಂದು ಎರಡು ಕಡೆ ಇದ್ದರೆ, ಗಾಬರಿಯಲ್ಲಿ ಒಂದರಿಂದ ಇನ್ನೊಂದಕ್ಕೆ ಜಿಗಿದು ನಡುವಿನದೆಲ್ಲ ಹಾರಿಹೋಗುತ್ತದೆ. ಇಲ್ಲವೇ ಹೇಳಿದ್ದನ್ನೇ ಮತ್ತೆ ಹೇಳುವಂತಾಗುತ್ತದೆ. ಅದಕ್ಕೇ ಪ್ರತಿ ಪ್ಯಾರಾದ ಮೊದಲ ಪದದಲ್ಲೇ ಅದರ ಗೂಟ ಇರಬೇಕು: ‘ಎಸರು ಕುದ್ಧಂಗ ಕುದ್ವಿ ನಾವು ಆ ವರ್ಷ.’

ಗೂಟ ಗಟ್ಟಿಯಾಗಿದೆಯೇ ಎಂದು ತಿಳಿಯಲು ಅಭ್ಯಾಸದ ನಡುವೆ ತಡೆದು ‘ಹಂಚಿನಿಂದ ಹೇಳ್ರಿ’ ಎನ್ನಬೇಕು. ತಡವರಿಸದೆ ಅಲ್ಲಿಂದಲೇ ಶುರುಮಾಡಿದರೆ ಸರಿ. ‘ತಡೀರಿ, ಮೊದಲಿಂದ ಹೇಳ್ತೀನಿ’ ಎಂದರೆ ಅದು ಇನ್ನೂ ಸರಪಳಿಯೇ.

ಗಣ್ಯರ ಹೆಸರು, ಅಂಕಿಸಂಖ್ಯೆಗಳಿಗೆ ಈ ಉಪಾಯ ಅಷ್ಟಾಗಿ ಒದಗದು. ಅವು ಅಂಗೈಯಗಲದ ಚೀಟಿಯಲ್ಲಿರಲಿ. ಹೆಸರುಗಳು ಕುರ್ಚಿಯ ಸಾಲಿನಲ್ಲೇ ಇರಲಿ. ಅವುಗಳ ಕೆಳಗೆ ಐದು ಗೂಟದ ಪದ. ಪೂರ್ತಿ ಬರೆದುಕೊಳ್ಳಬೇಕಾದದ್ದು ಕೊನೆಯ ವಾಕ್ಯ ಮಾತ್ರ. ಹೊಸಬರು ಶುರುಮಾಡಲಾರದೆ ಒದ್ದಾಡುವಷ್ಟೇ ಮುಗಿಸಲಾರದೆಯೂ ಒದ್ದಾಡುತ್ತಾರೆ. ಈಕೆಯ ಚೀಟಿಯ ತಳದಲ್ಲಿ ದಪ್ಪ ಅಕ್ಷರದಲ್ಲಿ ಹೀಗಿರುತ್ತದೆ: ‘ಸಂತಿಯಾಗ ನಮಗೊಂದು ನೆರಳಿನ ಜಾಗ ಕೊಡ್ರಿ, ನಮಸ್ಕಾರ.’