ಬಾಗಿದ ಹೆಡ್‌ಗೇರ್, ತೇಲುವ ಕುರ್ಚಿ: ಯಂತ್ರ ಬರೆದ ಕೋಲಾರ ಚಿನ್ನದ ಗಣಿ

ಕೋಲಾರ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಶಾಫ್ಟ್‌ಗಳ ಮೇಲೆ ನಿಂತಿದ್ದ ಉಕ್ಕಿನ ಹೆಡ್‌ಗೇರ್‌ಗಳು, ವಸಾಹತು ಕಾಲದ ಬಂಗಲೆಗಳು, ಕಾರ್ಮಿಕರ ಲೈನ್‌ಮನೆಗಳು ಆಮೇಲೆ ಒಂದೊಂದಾಗಿ ಶಿಥಿಲಗೊಳ್ಳುತ್ತ ಬಂದಿವೆ. 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ತರಿಸಿಕೊಂಡ ಆ ಊರು ಅದರ ವೈಭವದ ದಿನಗಳಲ್ಲಿ ಹೇಗೆ ಕಾಣುತ್ತಿತ್ತು ಎಂಬ ಕುತೂಹಲ ಸಹಜವಾದದ್ದು. ಈಗ ಆ ಕುತೂಹಲ ತಣಿಸಲು ಒಂದು ಸುಲಭದ ದಾರಿ ಸಿಕ್ಕಿದೆ. ಕಂಪ್ಯೂಟರಿಗೆ ನಾಲ್ಕು ಸಾಲಿನ ವರ್ಣನೆ ಕೊಟ್ಟರೆ ಚಿತ್ರ ಸಿದ್ಧವಾಗುತ್ತದೆ. ಆದರೆ ಆ ಚಿತ್ರವನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಹೆಡ್‌ಗೇರ್‌ನ ಕಾಲು ನಡುವೆಯೇ ಬಾಗಿರುತ್ತದೆ, ವರಾಂಡದ ಬೆತ್ತದ ಕುರ್ಚಿ ನೆಲ ಬಿಟ್ಟು ತೇಲುತ್ತಿರುತ್ತದೆ, ಮರದ ಜಾಲರಿ ಬಿಸಿಲಿಗಿಟ್ಟ ಮೇಣದಂತೆ ಕರಗಿರುತ್ತದೆ.

ಈ ದೋಷಗಳನ್ನು ತೆಗೆಯಲು ಬಳಸುವ ಉಪಾಯಕ್ಕೆ ನೆಗೆಟಿವ್ ಪ್ರಾಂಪ್ಟ್ ಎಂದು ಹೆಸರು. ನಾವು ಅದನ್ನು ‘ಬೇಡದ ಪಟ್ಟಿ’ ಎನ್ನೋಣ. ಏನು ಬೇಕು ಎಂಬುದನ್ನು ಒಂದು ಪೆಟ್ಟಿಗೆಯಲ್ಲಿಯೂ ಏನು ಬೇಡ ಎಂಬುದನ್ನು ಇನ್ನೊಂದರಲ್ಲಿಯೂ ಬರೆಯುವ ಪದ್ಧತಿ ಇದು. 2022ರಲ್ಲಿ ಬಿಡುಗಡೆಯಾದ ಸ್ಟೇಬಲ್ ಡಿಫ್ಯೂಷನ್ ಎಂಬ ತಂತ್ರಾಂಶದೊಂದಿಗೆ ಇದು ಬಳಕೆಗೆ ಬಂತು.

ಪಟ್ಟಿ ಕೆಲಸ ಮಾಡುವ ಬಗೆಯನ್ನು ಮೊದಲು ತಿಳಿಯಬೇಕು. ಯಂತ್ರ ಚಿತ್ರವನ್ನು ಒಮ್ಮೆಲೇ ಬರೆಯುವುದಿಲ್ಲ. ಟಿ.ವಿ. ಪರದೆಯ ಚುಕ್ಕೆಮಳೆಯಂಥ ಗೊಂದಲದಿಂದ ಆರಂಭಿಸಿ, ಇಪ್ಪತ್ತು ಮೂವತ್ತು ಹಂತಗಳಲ್ಲಿ ಆ ಗೊಂದಲವನ್ನು ಸ್ವಲ್ಪ ಸ್ವಲ್ಪವೇ ಕಳೆಯುತ್ತ ಹೋಗುತ್ತದೆ. ಪ್ರತಿ ಹಂತದಲ್ಲೂ ಅದು ಎರಡು ಅಂದಾಜು ಮಾಡುತ್ತದೆ: ಬೇಕಾದ ವರ್ಣನೆಗೆ ತಕ್ಕಂತೆ ಒಂದು, ಬೇಡದ ಪಟ್ಟಿಗೆ ತಕ್ಕಂತೆ ಇನ್ನೊಂದು. ಬಳಿಕ ಎರಡನೆಯದರಿಂದ ದೂರ ಸರಿದು ಮೊದಲನೆಯದರ ದಿಕ್ಕಿಗೆ ಜೋರಾಗಿ ನಡೆಯುತ್ತದೆ. ಲೆಕ್ಕ ಇಷ್ಟೇ:

```
result = negative + scale × (positive − negative)
```

ಚಿತ್ರದ ಯಾವುದೋ ಒಂದು ಬಿಂದುವಿನಲ್ಲಿ ಬೇಡದ ಅಂದಾಜು 10, ಬೇಕಾದದ್ದು 12, ಒತ್ತಡದ ಪ್ರಮಾಣ 7 ಎಂದಿಟ್ಟುಕೊಳ್ಳಿ. ಫಲ 10 + 7 × 2, ಅಂದರೆ 24. ಪ್ರಮಾಣವನ್ನು 1ಕ್ಕೆ ಇಳಿಸಿದರೆ ಫಲ 12 ಮಾತ್ರ. ಅಂದರೆ ಬೇಡದ ಪಟ್ಟಿ ಲೆಕ್ಕದಿಂದಲೇ ಬಿದ್ದುಹೋಯಿತು. ವೇಗಕ್ಕಾಗಿ ಈ ಪ್ರಮಾಣವನ್ನು 1ರಲ್ಲೇ ಇಟ್ಟು ನಡೆಸುವ ಮಾದರಿಗಳಲ್ಲಿ ಎಷ್ಟು ಉದ್ದದ ಪಟ್ಟಿ ಬರೆದರೂ ಚಿತ್ರ ಬದಲಾಗದಿರುವುದಕ್ಕೆ ಕಾರಣ ಇದೇ.

ಈಗ ಒಂದು ಚಿತ್ರವನ್ನು ತೆಗೆದುಕೊಳ್ಳೋಣ. ಚಾಂಪಿಯನ್ ರೀಫ್ ಪ್ರದೇಶದ ಹಳೆಯ ಬಂಗಲೆಯೊಂದರ ವರಾಂಡ. ಎರಡು ಬೆತ್ತದ ಕುರ್ಚಿ, ಎದುರಿಗೆ ಮರದ ಜಾಲರಿ, ದೂರದಲ್ಲಿ ಹೆಡ್‌ಗೇರ್. ಹೊಸಬರು ಸಾಮಾನ್ಯವಾಗಿ ಬರೆಯುವ ಪಟ್ಟಿ ಹೀಗಿರುತ್ತದೆ:

```
no warped lines, floating furniture, melted details, tilted, old, rust
```

ಇದರಲ್ಲಿ ಮೊದಲ ಪದವೇ ತಪ್ಪು. ಪಟ್ಟಿಯೇ ‘ಬೇಡ’ ಎಂದು ಹೇಳುತ್ತಿರುವಾಗ ಮತ್ತೆ ‘no’ ಎನ್ನುವ ಅಗತ್ಯವಿಲ್ಲ. ಯಂತ್ರಕ್ಕೆ ವ್ಯಾಕರಣದ ನಿಷೇಧ ಸರಿಯಾಗಿ ತಿಳಿಯದು. ಬೇಕಾದದ್ದರ ಪೆಟ್ಟಿಗೆಯಲ್ಲಿ ‘ಕುರ್ಚಿ ಬೇಡ’ ಎಂದು ಬರೆದರೆ ಅದು ಕುರ್ಚಿಯನ್ನಷ್ಟೇ ಕೇಳಿಸಿಕೊಂಡು ಇನ್ನೊಂದು ಕುರ್ಚಿ ತಂದಿಡುವುದೂ ಉಂಟು.

ಎರಡನೆಯದು ತೇಲುವ ಪೀಠೋಪಕರಣ. ಯಂತ್ರ ಪದಗಳ ಅರ್ಥ ಕಲಿತದ್ದು ಚಿತ್ರಗಳ ಕೆಳಗೆ ಜನ ಬರೆದ ಅಡಿಟಿಪ್ಪಣಿಗಳಿಂದ. ಮಸುಕಾದ ಚಿತ್ರಕ್ಕೆ ‘ಮಸುಕು’ ಎಂದು ಬರೆದವರು ಅನೇಕರಿದ್ದಾರೆ. ಆದ್ದರಿಂದ ‘blurry’ ಎಂಬ ಪದಕ್ಕೆ ಬಲವಿದೆ. ಆದರೆ ಕುರ್ಚಿ ನೆಲದಿಂದ ಎರಡು ಅಂಗುಲ ಮೇಲೆ ತೇಲುತ್ತಿದೆ ಎಂದು ಯಾರು ತಾನೇ ಬರೆದಾರು? ಹಾಗಾಗಿ ‘floating furniture’ ಎಂಬಲ್ಲಿ ‘floating’ಗಿಂತ ‘furniture’ ಹೆಚ್ಚು ಕೆಲಸ ಮಾಡಿ, ಕುರ್ಚಿಗಳೇ ಮಾಯವಾಗಬಹುದು. ಇಲ್ಲಿ ಬೇಡವೆನ್ನುವುದಕ್ಕಿಂತ ಬೇಕೆನ್ನುವುದು ಮೇಲು. ಬೇಕಾದದ್ದರಲ್ಲಿ ‘ಕೆಂಪು ಗಾರೆಯ ನೆಲದ ಮೇಲೆ ನಿಂತ ಎರಡು ಬೆತ್ತದ ಕುರ್ಚಿ, ಕಾಲುಗಳ ಬುಡದಲ್ಲಿ ನೆರಳು’ ಎಂದು ವಿವರಿಸಬೇಕು. ಕುರ್ಚಿ ತೇಲುತ್ತಿದೆಯೇ ಎಂದು ಪರೀಕ್ಷಿಸುವುದೂ ನೆರಳಿನಿಂದಲೇ. ಕಾಲು ನೆಲ ಮುಟ್ಟುವ ಜಾಗದಲ್ಲಿ ಗಾಢವಾದ ಸಣ್ಣ ನೆರಳಿಲ್ಲದಿದ್ದರೆ ಕುರ್ಚಿ ನಿಂತಿಲ್ಲವೆಂದೇ ಅರ್ಥ.

ಮೂರನೆಯದು ಕರಗಿದ ಜಾಲರಿ. ಇದು ಪದಗಳ ದೋಷವಲ್ಲ, ಅಳತೆಯ ದೋಷ. ಮೊದಲ ಸ್ಟೇಬಲ್ ಡಿಫ್ಯೂಷನ್ ಮಾದರಿಗಳು ಚಿತ್ರವನ್ನು ಅಗಲ ಎತ್ತರ ಎರಡರಲ್ಲೂ ಎಂಟು ಪಟ್ಟು ಕುಗ್ಗಿಸಿಕೊಂಡು ಕೆಲಸ ಮಾಡುತ್ತವೆ. 768 ಚುಕ್ಕೆ ಅಗಲದ ಚಿತ್ರ ಒಳಗೆ 96 ಮನೆಗಳ ಸಾಲಾಗುತ್ತದೆ. ನಮ್ಮ ಜಾಲರಿ ಚಿತ್ರದ ಅರ್ಧ ಅಗಲ, ಎಂದರೆ 384 ಚುಕ್ಕೆಗಳನ್ನು ಆಕ್ರಮಿಸಿ, ಅದರಲ್ಲಿ 60 ಪಟ್ಟಿಗಳಿದ್ದರೆ, ಒಂದು ಪಟ್ಟಿ ಮತ್ತು ಅದರ ಸಂದಿಗೆ ಸೇರಿ ಸಿಗುವುದು ಆರು ಚುಕ್ಕೆ ಮಾತ್ರ. ಒಂದು ಮನೆಗೂ ಕಡಿಮೆ! ಇಷ್ಟು ಇಕ್ಕಟ್ಟಿನಲ್ಲಿ ಜಾಲರಿ ಕರಗದೆ ಇನ್ನೇನಾದೀತು? ಇದಕ್ಕೆ ಯಾವ ಬೇಡದ ಪಟ್ಟಿಯೂ ಮದ್ದಲ್ಲ. ಜಾಲರಿಯ ಮೂರನೇ ಒಂದು ಭಾಗವನ್ನು ಮಾತ್ರ ಆರಿಸಿ, 768 ಚುಕ್ಕೆಗೆ ಹಿಗ್ಗಿಸಿ ಮತ್ತೆ ಬರೆಸಬೇಕು. ಆಗ ಪ್ರತಿ ಪಟ್ಟಿಗೆ ಸುಮಾರು 38 ಚುಕ್ಕೆ ಸಿಕ್ಕಿ ಅಂಚುಗಳು ಸ್ಪಷ್ಟವಾಗುತ್ತವೆ.

ಇನ್ನು ಬಾಗಿದ ಗೆರೆ. ‘distorted’ ಎಂಬ ಪದದಿಂದ ಕೊಂಚ ಲಾಭವುಂಟು. ಆದರೆ ‘tilted’, ‘curved’ ಎಂಬ ಪದಗಳು ಈ ಊರಿನ ಮಟ್ಟಿಗೆ ಅಪಾಯಕಾರಿ. ಹಗ್ಗದ ಎಳೆತವನ್ನು ತಡೆಯಲೆಂದು ಹೆಡ್‌ಗೇರ್‌ಗೆ ಓರೆಯಾದ ಊರುಗಾಲುಗಳಿರುತ್ತವೆ. ನೆತ್ತಿಯಲ್ಲಿ ದುಂಡನೆಯ ರಾಟೆ ಇರುತ್ತದೆ. ಓರೆ ಬೇಡ, ಬಾಗು ಬೇಡ ಎಂದರೆ ಯಂತ್ರ ಅವೆರಡನ್ನೂ ಕಳೆದು, ನೀರಿನ ಟ್ಯಾಂಕಿನ ಗೋಪುರದಂಥದ್ದನ್ನು ನಿಲ್ಲಿಸೀತು. ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ಹೊರಟ ರೈಲು ಹಳಿಯ ಚಿತ್ರದಲ್ಲೂ ಇದೇ ಕಥೆ: ತಿರುವಿನಲ್ಲಿರುವ ಹಳಿ ಬಾಗಿರುವುದು ದೋಷವಲ್ಲ. ನಿಜವಾದ ಪರಿಹಾರ ಎಂದರೆ ಹಳೆಯ ಛಾಯಾಚಿತ್ರದಿಂದ ನೇರಗೆರೆಗಳನ್ನು ಎತ್ತಿ, ಅದನ್ನೇ ಚೌಕಟ್ಟಾಗಿ ಕೊಡುವುದು. 2023ರಲ್ಲಿ ಬಂದ ಕಂಟ್ರೋಲ್‌ನೆಟ್ ಎಂಬ ವಿಧಾನ ಈ ಕೆಲಸ ಮಾಡುತ್ತದೆ.

ಹೀಗೆ ಸೋಸಿದ ಮೇಲೆ ಪಟ್ಟಿಯಲ್ಲಿ ಉಳಿಯುವುದು ಸ್ವಲ್ಪವೇ:

```
blurry, distorted, deformed, low quality
```

ಪಟ್ಟಿಯನ್ನು ಪರೀಕ್ಷಿಸಲು ‘seed’ ಎಂಬ ಸಂಖ್ಯೆಯನ್ನು ಬದಲಿಸದೆ ಇಡಬೇಕು. ಆಗ ಪ್ರತಿ ಬಾರಿಯೂ ಅದೇ ಚುಕ್ಕೆಮಳೆಯಿಂದ ಚಿತ್ರ ಆರಂಭವಾಗುತ್ತದೆ. ಒಂದೊಂದೇ ಪದ ಸೇರಿಸಿ ನೋಡಿದರೆ ಯಾವ ಪದ ಏನು ಮಾಡಿತು ಎಂಬುದು ತಿಳಿಯುತ್ತದೆ.

‘old’, ‘rust’ ಎಂಬ ಪದಗಳನ್ನು ಬಿಟ್ಟದ್ದಕ್ಕೂ ಕಾರಣವಿದೆ. ಇವು ಚಿತ್ರದ ದೋಷಗಳಲ್ಲ, ಊರಿನ ಲಕ್ಷಣಗಳು. ಅವನ್ನು ಪಟ್ಟಿಗೆ ಸೇರಿಸಿದರೆ ಲೈನ್‌ಮನೆಯ ತುಕ್ಕು ಹಿಡಿದ ತಗಡು ಹೋಗಿ ಹೊಸ ಹೆಂಚು ಬರುತ್ತದೆ. ಬೂದುಬಣ್ಣದ ಸೈನೈಡ್ ದಿಬ್ಬದ ಜಾಗದಲ್ಲಿ ಹಸಿರು ಗುಡ್ಡ ಏಳುತ್ತದೆ. ತೇಲುವ ಕುರ್ಚಿಯ ಸುಳ್ಳನ್ನು ಯಾರು ಬೇಕಾದರೂ ಕಂಡುಹಿಡಿದಾರು. ಈ ಸುಳ್ಳನ್ನು ಹಿಡಿಯಬಲ್ಲವರು ಆ ಲೈನ್‌ಮನೆಗಳಲ್ಲಿ ಬೆಳೆದವರು ಮಾತ್ರ. ಅಂಥ ಚಿತ್ರವನ್ನು ಹಂಚುವ ಮೊದಲು ಅವರಿಗೊಮ್ಮೆ ತೋರಿಸುವುದೂ, ಇದು ಛಾಯಾಚಿತ್ರವಲ್ಲ ಎಂದು ಕೆಳಗೆ ಬರೆಯುವುದೂ ಕೆಲಸದ ಭಾಗವೇ ಆಗಬೇಕು.