ಭೂಪಟದ ಮೇಲೆ ಓಡುವ ಗೆರೆ

ಬೆಂಗಳೂರಿನ ನಾಲ್ಕು ಜನ ಗೆಳೆಯರು ಎರಡು ದಿನ ರಜೆ ಹಾಕಿ ಹಾಸನ, ಬೇಲೂರು, ಹಳೇಬೀಡು, ಚಿಕ್ಕಮಗಳೂರು ಸುತ್ತಿ, ಕೊನೆಗೆ ಮುಳ್ಳಯ್ಯನಗಿರಿ ಹತ್ತಿ ಬಂದರು ಅಂದುಕೊಳ್ಳೋಣ. ಊರಿಗೆ ಮರಳಿದ ಮೇಲೆ ಮೊಬೈಲಿನಲ್ಲಿ ಹಿಡಿದದ್ದನ್ನೆಲ್ಲ ಜೋಡಿಸಿ ಹತ್ತು ನಿಮಿಷದ ವಿಡಿಯೊ ಮಾಡುತ್ತಾರೆ. ನೆಲಮಂಗಲ ದಾಟುವಾಗಿನ ಮಂಜು, ಯಡಿಯೂರಿನ ಹತ್ತಿರ ತಿಂದ ಇಡ್ಲಿ, ಮರುಕ್ಷಣವೇ ಚೆನ್ನಕೇಶವ ಗುಡಿಯ ಮದನಿಕೆಯರು, ಅದರ ಬೆನ್ನಿಗೇ ಹೊಯ್ಸಳೇಶ್ವರ ಗುಡಿಯ ಆನೆಗಳ ಸಾಲು, ಆಮೇಲೆ ಬೆಟ್ಟದ ಗಾಳಿ. ಹೋಗಿಬಂದವರಿಗೆ ಎಲ್ಲವೂ ಗೊತ್ತು. ಆದರೆ ಗದಗಿನಲ್ಲಿ ಕೂತು ನೋಡುವ ಚಿಕ್ಕಮ್ಮನಿಗೆ ಬೇಲೂರು ಎಲ್ಲಿ ಮುಗಿಯಿತು, ಹಳೇಬೀಡು ಎಲ್ಲಿ ಶುರುವಾಯಿತು ಎನ್ನುವುದೇ ತಿಳಿಯುವುದಿಲ್ಲ. ಹತ್ತಿರದಿಂದ ತೆಗೆದ ಚಿತ್ರಗಳಲ್ಲಿ ಎರಡೂ ಗುಡಿಗಳ ಕಲ್ಲು ಒಂದೇ ಬಣ್ಣ, ಕೆತ್ತನೆಯೂ ಒಂದೇ ಕೈಯದು ಅನ್ನಿಸುವಷ್ಟು ಹತ್ತಿರ.

ಇಲ್ಲಿ ಬೇಕಾಗುವುದು ಮೂರು ಸೆಕೆಂಡಿನ ಒಂದು ಭೂಪಟ. ಒಂದು ಚುಕ್ಕೆಯಿಂದ ಇನ್ನೊಂದು ಚುಕ್ಕೆಗೆ ಗೆರೆ ಓಡಬೇಕು, ಅಷ್ಟೇ.

ಈ ಉಪಾಯ ಹಳೆಯದು. 1942ರ ‘ಕಾಸಾಬ್ಲಾಂಕಾ’ ಚಿತ್ರದ ಆರಂಭದಲ್ಲಿ ಯುದ್ಧದಿಂದ ತಪ್ಪಿಸಿಕೊಂಡು ಹೊರಟ ನಿರಾಶ್ರಿತರ ದೃಶ್ಯಗಳ ಮೇಲೆಯೇ ಭೂಪಟ ಮೂಡುತ್ತದೆ. ಪ್ಯಾರಿಸ್‌ನಿಂದ ಮಾರ್ಸೇ, ಅಲ್ಲಿಂದ ಮೆಡಿಟರೇನಿಯನ್ ಕಡಲು ದಾಟಿ ಆಫ್ರಿಕಾದ ದಡಕ್ಕೆ ಗೆರೆ ಹರಿಯುತ್ತದೆ. 1981ರ ‘ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್’ನಲ್ಲಿ ಇಂಡಿಯಾನಾ ಜೋನ್ಸ್ ನೇಪಾಳಕ್ಕೆ ಹಾರುವಾಗ ವಿಮಾನದ ಚಿತ್ರದ ಮೇಲೆ ಕೆಂಪು ಗೆರೆ ಸಾಗುತ್ತದೆ. ಇವತ್ತಿಗೂ ಪ್ರವಾಸದ ವಿಡಿಯೊ ಮಾಡುವವರು ಕೆಂಪು ಬಣ್ಣವನ್ನೇ ಆರಿಸುವುದರಲ್ಲಿ ಆ ಚಿತ್ರದ ನೆನಪೂ ಇದ್ದೀತು.

ಗೆರೆ ಓಡಿಸುವ ಕೆಲಸ ನಿಜಕ್ಕೂ ಕಷ್ಟದ್ದಲ್ಲ. ಆಫ್ಟರ್ ಎಫೆಕ್ಟ್ಸ್ ಬಳಸುವವರು ರಸ್ತೆಯ ಜಾಡಿನ ಮೇಲೆ ಪೆನ್ ಟೂಲ್‌ನಿಂದ ಒಂದು ಗೆರೆ ಎಳೆದು, ಅದಕ್ಕೆ Trim Paths ಸೇರಿಸುತ್ತಾರೆ. ಅದರಲ್ಲಿ End ಎಂಬ ಅಂಕಿ ಸೊನ್ನೆಯಿದ್ದರೆ ಗೆರೆ ಕಾಣುವುದಿಲ್ಲ, ನೂರಿದ್ದರೆ ಪೂರ್ತಿ ಕಾಣುತ್ತದೆ. ಮೊದಲ ಫ್ರೇಮಿನಲ್ಲಿ ಸೊನ್ನೆ, ಕೊನೆಯ ಫ್ರೇಮಿನಲ್ಲಿ ನೂರು ಎಂದು ಗುರುತು ಹಾಕಿದರೆ ನಡುವಿನದ್ದನ್ನು ಕಂಪ್ಯೂಟರೇ ತುಂಬಿಕೊಳ್ಳುತ್ತದೆ. ಬೇರೆ ತಂತ್ರಾಂಶಗಳಲ್ಲಿ ಹೆಸರು ಬೇರೆ, ತತ್ವ ಇದೇ. ಮೊಬೈಲಿನಲ್ಲೇ ಮಾಡುವವರು ಇನ್ನೂ ಸರಳ ದಾರಿ ಹಿಡಿಯುತ್ತಾರೆ. ಗೆರೆಯಿಲ್ಲದ ಭೂಪಟದ ಮೇಲೆ ಗೆರೆಯಿರುವ ಭೂಪಟವನ್ನಿಟ್ಟು, ಪರದೆ ಸರಿಸಿದಂತೆ ಮೇಲಿನದನ್ನು ಮೆಲ್ಲಗೆ ತೆರೆಯುತ್ತಾರೆ.

ಕಷ್ಟ ಶುರುವಾಗುವುದು ಗೆರೆಯಲ್ಲಲ್ಲ, ಭೂಪಟ ಎಷ್ಟು ದೊಡ್ಡದಿರಬೇಕು ಎನ್ನುವಲ್ಲಿ. ಈ ನಾಲ್ವರ ಪ್ರವಾಸವನ್ನೇ ಅಳೆದು ನೋಡಬಹುದು. ಬೆಂಗಳೂರಿನಿಂದ ಮುಳ್ಳಯ್ಯನಗಿರಿಯವರೆಗಿನ ದಾರಿ ಪೂರ್ತಿ ಕಾಣಬೇಕೆಂದು 1920 ಪಿಕ್ಸೆಲ್ ಅಗಲದ ಚೌಕಟ್ಟಿನಲ್ಲಿ ಅದಕ್ಕೆ 1500 ಪಿಕ್ಸೆಲ್ ಜಾಗ ಕೊಟ್ಟರು ಎನ್ನಿ. ಆಗ ಬೆಂಗಳೂರಿನಿಂದ ಹಾಸನದವರೆಗಿನ ಒಂದೇ ಹಂತ ಸುಮಾರು 1200 ಪಿಕ್ಸೆಲ್ ನುಂಗಿಬಿಡುತ್ತದೆ. ಆ ಹಂತದಲ್ಲಿ ತೋರಿಸಲು ಇರುವುದು ಹೆದ್ದಾರಿ ಮತ್ತು ಇಡ್ಲಿ. ನೋಡಬೇಕಾದ ಜಾಗಗಳೆಲ್ಲ ಎಡಗಡೆಯ ಮೂಲೆಯಲ್ಲಿ ಮುದುಡಿಕೊಳ್ಳುತ್ತವೆ. ಬೇಲೂರಿಗೂ ಹಳೇಬೀಡಿಗೂ ನಡುವೆ ಉಳಿಯುವುದು ನೂರಹತ್ತು ಪಿಕ್ಸೆಲ್ ಮಾತ್ರ. ಎರಡು ಹೆಸರುಗಳನ್ನು ಬರೆಯಹೊರಟರೆ ಒಂದರ ಮೇಲೊಂದು ಏರಿ ಕೂರುತ್ತವೆ.

ಆದ್ದರಿಂದ ಒಂದೇ ಭೂಪಟದಲ್ಲಿ ಎಲ್ಲವನ್ನೂ ತೋರಿಸುವ ಹಟ ಬಿಡಬೇಕು. ಮೊದಲ ಸಲ ಬೆಂಗಳೂರಿನಿಂದ ಹಾಸನಕ್ಕೆ ಗೆರೆ ಓಡುವಾಗ ದೂರದ ನೋಟ. ಗೆರೆ ಹಾಸನ ಮುಟ್ಟುತ್ತಿದ್ದಂತೆ ಭೂಪಟ ಹತ್ತಿರಕ್ಕೆ ಬರಬೇಕು, ಬೆಂಗಳೂರು ಚೌಕಟ್ಟಿನಿಂದ ಹೊರಗೆ ಹೋಗಬೇಕು. ಮುಂದಿನ ಹಂತಗಳಿಗೆಲ್ಲ ಆ ಹತ್ತಿರದ ನೋಟವೇ ಸಾಕು. ಹಾಸನದಿಂದ ಮುಳ್ಳಯ್ಯನಗಿರಿಯವರೆಗಿನ ಪ್ರದೇಶವನ್ನು ಮೇಲೆ ಕೆಳಗೆ ಸ್ವಲ್ಪ ಜಾಗ ಬಿಟ್ಟು ಚೌಕಟ್ಟಿಗೆ ಕೂರಿಸಿದರೆ ನೋಟ ಹೆಚ್ಚುಕಮ್ಮಿ ಎರಡೂವರೆ ಪಟ್ಟು ಹಿಗ್ಗುತ್ತದೆ. ಬೇಲೂರು–ಹಳೇಬೀಡುಗಳ ನಡುವೆ ಈಗ 280 ಪಿಕ್ಸೆಲ್ ಸಿಗುತ್ತದೆ, ಹೆಸರುಗಳು ಉಸಿರಾಡುತ್ತವೆ.

ಎರಡೂವರೆ ಪಟ್ಟು ಎನ್ನುವ ಈ ಲೆಕ್ಕವನ್ನು ಮೊದಲೇ ಮಾಡಿಟ್ಟುಕೊಳ್ಳದವರು ಪೆಟ್ಟು ತಿನ್ನುತ್ತಾರೆ. ಪರದೆಯಷ್ಟೇ ಅಗಲದ ಭೂಪಟದ ಚಿತ್ರವನ್ನು ಹಿಗ್ಗಿಸಿದರೆ ನದಿ, ರಸ್ತೆಗಳ ಅಂಚೆಲ್ಲ ಮಸುಕಾಗುತ್ತದೆ. ಹತ್ತಿರ ಹೋದಾಗಲೂ ಗೆರೆಗಳು ಚೂಪಾಗಿರಬೇಕಾದರೆ ಮೂಲ ಚಿತ್ರವೇ ಸುಮಾರು 5000 ಪಿಕ್ಸೆಲ್ ಅಗಲವಿರಬೇಕು. ಇನ್ನೊಂದು ಮಾತು, ಆ ಚಿತ್ರದಲ್ಲಿ ಊರ ಹೆಸರುಗಳು ಇರಲೇಬಾರದು. ಇದ್ದರೆ ಭೂಪಟದ ಜೊತೆಗೆ ಅವೂ ಹಿಗ್ಗಿ, ದಾರಿಯಲ್ಲಿ ಯಾರೂ ಇಳಿಯದ ಊರಿನ ಹೆಸರು ಪರದೆಯ ನಟ್ಟನಡುವೆ ಬಂದು ನಿಲ್ಲುತ್ತದೆ. ಬೋಳು ಭೂಪಟ ತೆಗೆದುಕೊಂಡು, ಬೇಕಾದ ಐದಾರು ಹೆಸರುಗಳನ್ನು ತಾವೇ ಬರೆಯುವುದು ಲೇಸು. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿಯನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಪರದೆಯ ಮೂಲೆಯಲ್ಲಿ `© OpenStreetMap contributors` ಎಂದು ಕಾಣಿಸಬೇಕು ಎನ್ನುವುದು ಅದರ ನಿಯಮ.

ಹೆಸರು ಬರೆಯುವಲ್ಲಿ ಕನ್ನಡದವರಿಗೆ ಒಂದು ತೊಡಕು ಕಾದಿರುತ್ತದೆ. ಬೇಲೂರು, ಹಾಸನ ಎಂದು ಬರೆದಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ. ಚಿಕ್ಕಮಗಳೂರು ಎಂದು ಬರೆದಾಗ ಬಣ್ಣ ಬಯಲಾಗುತ್ತದೆ. ಒತ್ತಕ್ಷರ ಕೆಳಗೆ ಇಳಿಯದೆ ‘ಚಿಕ್‌ಕಮಗಳೂರು’ ಎಂದು ಪಕ್ಕದಲ್ಲೇ ನಿಂತರೆ, ಆ ತಂತ್ರಾಂಶಕ್ಕೆ ಭಾರತೀಯ ಲಿಪಿಗಳನ್ನು ಜೋಡಿಸಲು ಯಾರೂ ಹೇಳಿಲ್ಲ ಎಂದರ್ಥ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಅಕ್ಷರಗಳ ಆದ್ಯತೆಗಳಿಗೆ ಹೋಗಿ South Asian and Middle Eastern ಎಂಬುದನ್ನು ಆರಿಸಬೇಕು. ಮುಳ್ಳಯ್ಯನಗಿರಿ ಎಂಬ ಹೆಸರಿನಲ್ಲಿ ಎರಡು ಒತ್ತುಗಳು ಒಟ್ಟಿಗೆ ಬರುವುದರಿಂದ ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಪದ ಸಿಗದು. ಅಕ್ಷರಗಳು ಒಂದೊಂದಾಗಿ ಹಾರಿಬರುವ ಅಲಂಕಾರವನ್ನಂತೂ ಕನ್ನಡ ಹೆಸರಿಗೆ ಹಚ್ಚದಿರುವುದೇ ಒಳ್ಳೆಯದು. ಒತ್ತು ಒಂದು ಕಡೆಯಿಂದ, ಅಕ್ಷರ ಇನ್ನೊಂದು ಕಡೆಯಿಂದ ಬಂದು ಸೇರುವುದನ್ನು ನೋಡಿದರೆ ಕಣ್ಣಿಗೆ ಹಿಂಸೆ. ಹೆಸರು ಇಡಿಯಾಗಿ ಮೂಡಲಿ, ಇಡಿಯಾಗಿ ಮರೆಯಾಗಲಿ.

ಇನ್ನು ರಸ್ತೆಯ ಜಾಡು. ಓಡಾಡುವಾಗ ಮೊಬೈಲಿನಲ್ಲಿ ಜಿಪಿಎಸ್ ದಾಖಲೆ ಹಾಕಿಕೊಂಡಿದ್ದವರ ಬಳಿ ಜಿಪಿಎಕ್ಸ್ ಕಡತ ಇರುತ್ತದೆ. ಹೋದ ದಾರಿಯ ಒಂದೊಂದು ಬಿಂದುವಿನ ಅಕ್ಷಾಂಶ, ರೇಖಾಂಶ, ಸಮಯ ಅದರಲ್ಲಿ ಸಾಲಾಗಿ ಕೂತಿರುತ್ತವೆ. ಅದನ್ನು ಹಾಗೆಯೇ ಗೆರೆಯಾಗಿಸಿದರೆ ಸುಲಭವಲ್ಲವೇ ಅನ್ನಿಸುವುದು ಸಹಜ. ಆದರೆ ಹಾಸನದಲ್ಲಿ ಊಟಕ್ಕೆಂದು ಒಂದು ಗಂಟೆ ನಿಂತಾಗಲೂ ಮೊಬೈಲು ಸುಮ್ಮನಿರಲಿಲ್ಲ. ಸೆಕೆಂಡಿಗೊಂದು ಬಿಂದುವಿನಂತೆ ಬರೆದಿದ್ದರೆ ಅಲ್ಲಿ 3600 ಬಿಂದುಗಳಿರುತ್ತವೆ, ಪ್ರತಿಯೊಂದೂ ಕೆಲವು ಮೀಟರ್ ಆಚೀಚೆ. ಭೂಪಟವನ್ನು ಹಿಗ್ಗಿಸಿ ನೋಡಿದರೆ ಆ ಜಾಗದಲ್ಲಿ ನೂಲಿನ ಗಂಟು ಕಾಣುತ್ತದೆ. ಗೆರೆ ಓಡಿಸಿದಾಗ ಇನ್ನೂ ವಿಚಿತ್ರವಾದದ್ದು ನಡೆಯುತ್ತದೆ. ಚೆನ್ನಾಗಿ ಓಡುತ್ತಿದ್ದ ತುದಿ ಹಾಸನದಲ್ಲಿ, ಯಾರೂ ಹೇಳದಿದ್ದರೂ, ತಡವರಿಸಿ ನಿಲ್ಲುತ್ತದೆ. ಆ ಗಂಟನ್ನು ಬಿಡಿಸಿದಷ್ಟೂ ನೂಲಿನ ಉದ್ದವಿದೆ, ಅಷ್ಟನ್ನೂ ಮುಗಿಸದೆ ಗೆರೆ ಮುಂದೆ ಹೋಗಲಾರದು. ನಿಂತ ಜಾಗದ ಬಿಂದುಗಳನ್ನು ಅಳಿಸಿ ಒಂದನ್ನು ಮಾತ್ರ ಉಳಿಸಿಕೊಂಡರೆ ತಡವರಿಕೆ ಹೋಗುತ್ತದೆ. ಕೈಯಲ್ಲೇ ಗೆರೆ ಎಳೆಯುವವರಿಗೆ ಈ ಕಾಟವಿಲ್ಲ. ಈ ಅಳತೆಯ ಭೂಪಟದಲ್ಲಿ ನೆಲಮಂಗಲ, ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣಗಳ ಬಳಿ ಬಾಗಿಸಿದ ಹತ್ತು ಹದಿನೈದು ಬಿಂದುಗಳ ಗೆರೆ ನಿಜವಾದ ಹೆದ್ದಾರಿಯಂತೆಯೇ ಕಾಣುತ್ತದೆ. ಸೀತಾಳಯ್ಯನಗಿರಿಯ ಕಡೆಗೆ ಏರುವ ತಿರುವುಗಳನ್ನು ಒಂದೂ ಬಿಡದೆ ಬಿಡಿಸಿದರೂ ಇಲ್ಲಿ ಅವು ಕಾಣುವುದಿಲ್ಲ.

ಬೇಲೂರಿನಲ್ಲಿ ಗೆರೆಗೆ ಬೇರೊಂದು ಪೇಚು. ಅಲ್ಲಿಯವರೆಗೆ ಪಶ್ಚಿಮಕ್ಕೆ, ಅಂದರೆ ಪರದೆಯ ಎಡಕ್ಕೆ ಹೋಗುತ್ತಿದ್ದ ದಾರಿ ಹಳೇಬೀಡಿಗೆ ಹೊರಟಾಗ ಬಲಕ್ಕೆ ತಿರುಗುತ್ತದೆ, ಪರದೆ ಸರಿಸುವ ಮೊಬೈಲಿನ ಉಪಾಯ ಇಲ್ಲಿ ಕೈಕೊಡುತ್ತದೆ. ಬಲದಿಂದ ಎಡಕ್ಕೆ ಒಂದೇ ಸಲ ತೆರೆದರೆ ಬೇಲೂರಿಗಿಂತ ಮೊದಲು ಹಳೇಬೀಡಿನ ದಾರಿ ಕಾಣಿಸಿಬಿಡುತ್ತದೆ. ಹಂತಕ್ಕೊಂದು ಚಿತ್ರ ಮಾಡಿಕೊಂಡು ಬೇರೆ ಬೇರೆಯಾಗಿ ತೆರೆಯಬೇಕು. ಹಳೇಬೀಡಿನಿಂದ ಬೇಲೂರಿಗೇ ಮರಳಿ ಚಿಕ್ಕಮಗಳೂರಿಗೆ ಹೋದವರಿಗೆ ಮತ್ತೊಂದು ಸಮಸ್ಯೆ. ಎಳೆದ ಗೆರೆಯ ಮೇಲೇ ಗೆರೆ ಎಳೆದರೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಹಳೆಯ ಹಂತಗಳ ಬಣ್ಣವನ್ನು ಅರ್ಧಕ್ಕೆ ಇಳಿಸಿ, ಹೊಸ ಹಂತವನ್ನು ಮಾತ್ರ ಗಾಢವಾಗಿಟ್ಟರೆ ಮರಳಿ ಬರುವ ಪಯಣವೂ ಕಣ್ಣಿಗೆ ಬೀಳುತ್ತದೆ.

ಎಷ್ಟು ಹೊತ್ತು ಓಡಬೇಕು? ದೂರಕ್ಕೆ ತಕ್ಕಂತೆ ಎನ್ನುವ ಉತ್ತರ ಕೇಳಲು ನ್ಯಾಯವಾಗಿದೆ, ಪರದೆಯ ಮೇಲೆ ನಡೆಯುವುದಿಲ್ಲ. ಬೆಂಗಳೂರು–ಹಾಸನದ 185 ಕಿಲೋಮೀಟರಿಗೆ ನಾಲ್ಕು ಸೆಕೆಂಡು ಕೊಟ್ಟರೆ, ಬೇಲೂರು–ಹಳೇಬೀಡಿನ ಹದಿನಾರು ಕಿಲೋಮೀಟರಿಗೆ ಬರುವುದು ಅರ್ಧ ಸೆಕೆಂಡೂ ಇಲ್ಲ. ಕಣ್ಣು ಗೆರೆಯನ್ನು ಹಿಡಿಯುವ ಮೊದಲೇ ಅದು ಮುಗಿದಿರುತ್ತದೆ. ಎಷ್ಟೇ ಚಿಕ್ಕ ಹಂತಕ್ಕಾದರೂ ಎರಡು ಸೆಕೆಂಡು ಬೇಕು. ಗೆರೆ ತಲುಪಿದ ಮೇಲೆ ಹೆಸರು ಓದಿಕೊಳ್ಳಲು ಇನ್ನೊಂದು ಸೆಕೆಂಡು ನಿಲ್ಲಬೇಕು. ಅಲ್ಲಿಗೆ ಕತ್ತರಿಸಬಹುದು.

ಭೂಪಟವನ್ನು ಓಡುವ ದೃಶ್ಯದ ಮೇಲೆಯೇ ಹಾಸುವುದಾದರೆ ಕೆಳಗಿನ ದೃಶ್ಯ ಯಾವುದು ಎನ್ನುವುದರ ಮೇಲೆ ಎಲ್ಲವೂ ನಿಂತಿದೆ. ಕಾರಿನ ಗಾಜಿನಿಂದ ತೆಗೆದ, ಮರಗಳು ನುಗ್ಗಿಬರುವ ದೃಶ್ಯದ ಮೇಲೆ ತೆಳುವಾದ ಗೆರೆ ಇಟ್ಟರೆ ಅದು ಕಳೆದೇ ಹೋಗುತ್ತದೆ. ಕ್ಯಾಮೆರಾ ಅಲುಗಾಡದ ಒಂದು ನೋಟ, ಮುಂಜಾನೆಯ ಆಕಾಶವೋ ಕಾಫಿ ತೋಟದ ಇಳಿಜಾರೋ, ಅದರ ಬೆಳಕನ್ನು ಅರ್ಧಕ್ಕೆ ತಗ್ಗಿಸಿ ಸ್ವಲ್ಪ ಮಸುಕು ಮಾಡಿದರೆ ಗೆರೆ ಎದ್ದು ಕಾಣುತ್ತದೆ. ಗೆರೆಯ ಸುತ್ತ ಕಪ್ಪು ಅಂಚು ಕೊಟ್ಟರೆ ಬಿಳಿ ಮೋಡದ ಮೇಲೂ ಮುಳುಗುವುದಿಲ್ಲ. ಕಾರಿನ ಸದ್ದನ್ನು ಮಾತ್ರ ನಿಲ್ಲಿಸಬಾರದು. ಆ ಸದ್ದು ಭೂಪಟದ ಕೆಳಗೂ ಹರಿಯುತ್ತಿದ್ದರೆ ಪಯಣ ಮುಂದುವರಿದಿದೆ ಎಂದು ಕಿವಿಗೆ ಗೊತ್ತಾಗುತ್ತದೆ.

ದಿಕ್ಕಿನ ವಿಷಯವನ್ನು ಹೆಚ್ಚಿನವರು ಮರೆಯುತ್ತಾರೆ. ಗೆರೆ ಬಲದಿಂದ ಎಡಕ್ಕೆ ಓಡಿ ಹಾಸನ ಮುಟ್ಟಿದ ಮರುಕ್ಷಣ, ಕಾರು ಎಡದಿಂದ ಬಲಕ್ಕೆ ಹೋಗುವ ದೃಶ್ಯ ಬಂದರೆ ಗೆಳೆಯರು ಬೆಂಗಳೂರಿಗೆ ವಾಪಸು ಹೊರಟಂತೆ ಕಾಣುತ್ತದೆ. ಇದನ್ನು ಸರಿಪಡಿಸಲೆಂದು ದೃಶ್ಯವನ್ನೇ ಕನ್ನಡಿಯಂತೆ ತಿರುಗಿಸುವವರಿದ್ದಾರೆ. ಆಗ ಮೈಲಿಗಲ್ಲಿನ ಅಕ್ಷರ ತಲೆಕೆಳಗಾಗದಿದ್ದರೂ ಹಿಂದುಮುಂದಾಗುತ್ತದೆ, ಚಾಲಕ ಎಡಗಡೆ ಕೂತಿರುತ್ತಾನೆ. ರಸ್ತೆಯ ಯಾವ ಬದಿಯಲ್ಲಿ ನಿಂತು ತೆಗೆದರೆ ಕಾರು ಎಡಕ್ಕೆ ಹೋಗುತ್ತದೆ ಎಂದು ಚಿತ್ರ ತೆಗೆಯುವಾಗಲೇ ಒಂದು ಗಳಿಗೆ ಯೋಚಿಸುವುದೇ ಇದಕ್ಕೆ ಮದ್ದು.

ವಿಡಿಯೊದ ಆರಂಭದಲ್ಲಿ ಇಡೀ ಭಾರತವನ್ನು ತೋರಿಸಿ ಕರ್ನಾಟಕಕ್ಕೆ ಇಳಿಯುವ ಆಸೆ ಇರುವವರು ಗಡಿಗಳನ್ನು ನೋಡಿಕೊಳ್ಳಬೇಕು. ಹೊರದೇಶದ ಭೂಪಟಗಳಲ್ಲಿ ಕಾಶ್ಮೀರದ ಗಡಿ ಬೇರೆ ರೀತಿ ಇರುವುದುಂಟು. ಸರ್ವೆ ಆಫ್ ಇಂಡಿಯಾ ಪ್ರಕಟಿಸಿದ ಭೂಪಟಕ್ಕೆ ಹೊಂದದ ಭಾರತದ ಭೂಪಟವನ್ನು ಪ್ರಕಟಿಸುವುದು 1961ರ ಕಾನೂನಿನ ಪ್ರಕಾರ ಆರು ತಿಂಗಳವರೆಗೆ ಸೆರೆವಾಸಕ್ಕೆ ಗುರಿಮಾಡಬಹುದಾದ ಅಪರಾಧ. ಆರಂಭದ ಆ ಒಂದು ಚಿತ್ರಕ್ಕೆ ಸರ್ವೆ ಆಫ್ ಇಂಡಿಯಾದ ರೇಖಾನಕ್ಷೆಯನ್ನೇ ಬಳಸುವುದು ಕ್ಷೇಮ.

ಕೊನೆಯ ಹಂತ ಚಿಕ್ಕಮಗಳೂರಿನಿಂದ ಮೇಲಕ್ಕೆ. ಹತ್ತಿರದ ನೋಟದಲ್ಲೂ ಇದು ಗೇಣುದ್ದದ ಗೆರೆಯೂ ಅಲ್ಲ, ಎರಡು ಸೆಕೆಂಡಿನಲ್ಲಿ ಮುಗಿಯುತ್ತದೆ. ತುದಿ ನಿಂತಲ್ಲಿ ‘ಮುಳ್ಳಯ್ಯನಗಿರಿ, 1930 ಮೀಟರ್’ ಎಂದು ಮೂಡುತ್ತದೆ. ಭೂಪಟ ಕರಗುವಾಗ ಆ ಚುಕ್ಕೆ ಇದ್ದ ಜಾಗದಲ್ಲೇ ಮುಂದಿನ ದೃಶ್ಯದ ಗುಡಿ ಬಂದು ಕೂರುವಂತೆ ಜೋಡಿಸಿದ್ದರೆ, ಚಿಕ್ಕಮ್ಮನ ಕಣ್ಣು ಕದಲದೆ ಮೆಟ್ಟಿಲ ಬುಡದಲ್ಲಿ ಹೋಗಿ ನಿಂತಿರುತ್ತದೆ. ಮೆಟ್ಟಿಲ ಮೇಲೆ ಆ ನಾಲ್ವರು ಏದುಸಿರು ಬಿಡುತ್ತ ಹತ್ತುತ್ತಿರುತ್ತಾರೆ.