ಪುಟ್ಟನ ಎಡಗಾಲು ಏಕೆ ನಿಂತುಹೋಯಿತು?

ಮಕ್ಕಳ ಕಾರ್ಟೂನ್ ಸರಣಿಯೊಂದರ ನಾಯಕ ಪುಟ್ಟ ಎಂದಿಟ್ಟುಕೊಳ್ಳಿ. ಎರಡು ಕಂತು ಮುಗಿದಿವೆ. ಮೂರನೆಯದು ಶುರುವಾಗುವ ಮುನ್ನ, ಪುಟ್ಟನ ಕಡತ ಅಚ್ಚುಕಟ್ಟಾಗಿರಲಿ ಎಂದು ರಿಗ್ಗರ್ `Bone.004` ಎಂಬ ಮೂಳೆಗೆ `foot_ik.L` ಎಂದು ಹೊಸ ಹೆಸರಿಡುತ್ತಾನೆ. ಆಮೇಲೆ ಮೊದಲ ಕಂತನ್ನು ತೆರೆದರೆ ಪುಟ್ಟನ ಬಲಗಾಲು ನಡೆಯುತ್ತಿದೆ, ಎಡಗಾಲು ಹೊರಟ ಜಾಗದಲ್ಲೇ ಉಳಿದು ಹಿಂದಕ್ಕೆ ಚಾಚಿಕೊಂಡಿದೆ.

ಮೂರು ಆಯಾಮದ ಗೊಂಬೆಯೊಳಗೆ ಎಲುಬುಗೂಡು ಜೋಡಿಸಿ, ಅದನ್ನು ಆಡಿಸಲು ಹಿಡಿಕೆಗಳನ್ನು ಕೊಡುವ ಕೆಲಸವೇ ರಿಗ್ಗಿಂಗ್. ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲಿ ಚಲನೆ ಮೂಳೆಗೆ ಅಂಟಿಕೊಂಡಿರುವುದಿಲ್ಲ. ಮೂಳೆಯ ಹೆಸರಿಗೆ ಅಂಟಿಕೊಂಡಿರುತ್ತದೆ. ಪಾದ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದು ಹೀಗೆ ದಾಖಲಾಗುತ್ತದೆ:

```
pose.bones["foot_ik.L"].location
```

ಹೆಸರು ಬದಲಿಸಿದಾಗ ಅದೇ ಕಡತದಲ್ಲಿರುವ ಚಲನೆಗಳನ್ನು ಬ್ಲೆಂಡರ್ ತಾನೇ ಸರಿಪಡಿಸುತ್ತದೆ. ಬೇರೆ ಕಡತಗಳಲ್ಲಿರುವ ಹಳೆಯ ಕಂತುಗಳಿಗೆ ಮಾತ್ರ ಸುದ್ದಿ ಮುಟ್ಟುವುದಿಲ್ಲ. ಇಂಥ ಅನಾಥ ಚಲನೆಯನ್ನು ಗುರುತಿಸುವುದು ಸುಲಭ: ಚಲನೆಗಳ ಪಟ್ಟಿಯಲ್ಲಿ ಅದರ ಹೆಸರಿನ ಕೆಳಗೆ ಕೆಂಪು ಗೆರೆ ಬಿದ್ದಿರುತ್ತದೆ.

ಆದ್ದರಿಂದ ನಾಮಕರಣ ಮೊದಲ ಕಂತಿಗೂ ಮೊದಲೇ ಆಗಬೇಕು. ಮೈಯನ್ನು ಬಾಗಿಸುವ ಮೂಳೆಗಳಿಗೆ `DEF-thigh.L`, `DEF-shin.L` ಎಂಬಂತೆ ಮುಂದೊಂದು ಗುರುತು ಇರುವುದು ವಾಡಿಕೆ. ಅನಿಮೇಟರ್ ಮುಟ್ಟುವ ಹಿಡಿಕೆಗಳಿಗೆ ಆ ಗುರುತು ಇರುವುದಿಲ್ಲ. ಕೊನೆಯ `.L` ಎಂದರೆ ಪಾತ್ರದ ಎಡ, ನೋಡುವವರದ್ದಲ್ಲ. ಪುಟ್ಟ ನಮ್ಮತ್ತ ಮುಖ ಮಾಡಿ ನಿಂತಾಗ ಅವನ ಎಡಗೈ ಪರದೆಯ ಬಲಕ್ಕಿರುತ್ತದೆ. ಹೊಸಬರು ಎಡವುವುದು ಇಲ್ಲೇ.

ಈ ಪುಟ್ಟ ಬಾಲದಿಂದ ಅರ್ಧ ಕೆಲಸ ಉಳಿಯುತ್ತದೆ. ಎಡಭಾಗದ ಮೂಳೆಗಳನ್ನಷ್ಟೇ ಕೂರಿಸಿ `Symmetrize` ಒತ್ತಿದರೆ ಬಲಭಾಗ ತಾನಾಗಿ ಬರುತ್ತದೆ. ನಡಿಗೆಯಲ್ಲೂ ಹಾಗೆಯೇ. ಸೆಕೆಂಡಿಗೆ 24 ಚೌಕಟ್ಟಿನ ಲೆಕ್ಕದಲ್ಲಿ ಒಂದು ಹೆಜ್ಜೆಗೆ 12 ಚೌಕಟ್ಟು ಹಿಡಿದರೆ, ಎಡಗಾಲು ಮುಂದಿರುವ ಮೊದಲ ಚೌಕಟ್ಟಿನ ಭಂಗಿಯನ್ನು ನಕಲಿಸಿ 13ನೆಯದರಲ್ಲಿ ತಿರುವಿ ಅಂಟಿಸಿದರೆ ಬಲಗಾಲು ಮುಂದೆ ಬರುತ್ತದೆ. 25ನೆಯದರಲ್ಲಿ ಮೊದಲಿನ ಭಂಗಿಯೇ ಮರಳುತ್ತದೆ. ಒಂದೇ ಒಂದು ಮೂಳೆಯ ಹೆಸರಿನಲ್ಲಿ ಎಡ-ಬಲದ ಗುರುತು ತಪ್ಪಿದ್ದರೂ ಆ ಅಂಗ ಮಾತ್ರ ತಿರುಗದೆ ಉಳಿಯುತ್ತದೆ.

ಇನ್ನು ಹಿಡಿಕೆಗಳು. ಪುಟ್ಟನಂಥ ಸರಳ ಪಾತ್ರಕ್ಕೆ ಹದಿನಾಲ್ಕು ಸಾಕು: ನೆಲದ ಮೇಲೊಂದು ದೊಡ್ಡ ಬಳೆ, ಸೊಂಟ, ಎದೆ, ತಲೆ, ಎರಡು ಪಾದ, ಎರಡು ಮಂಡಿ, ಪ್ರತಿ ಕೈಗೆ ಮೂರು. ನೆಲದ ಬಳೆ ಪುಟ್ಟನನ್ನು ದೃಶ್ಯದಲ್ಲಿ ಬೇಕಾದಲ್ಲಿ ನಿಲ್ಲಿಸುವುದಕ್ಕೆ. ಕುಕ್ಕರಿಸುವುದು, ಕುಣಿಯುವುದು ಎಲ್ಲ ಸೊಂಟದ ಹಿಡಿಕೆಯ ಪಾಲು. ಇವೆರಡನ್ನು ಒಂದೇ ಮಾಡಿದರೆ ಅವನು ಕುಕ್ಕರಿಸಿದಾಗ ಪಾದಗಳೂ ನೆಲದೊಳಗೆ ಇಳಿಯುತ್ತವೆ. ಎಡದ ಹಿಡಿಕೆಗಳಿಗೆ ಒಂದು ಬಣ್ಣ, ಬಲದವಕ್ಕೆ ಇನ್ನೊಂದು. ಮಂಡಿಯ ಹಿಡಿಕೆಯನ್ನು ಬರೀ ಜರುಗಿಸಿದರೆ ಸಾಕಾಗುವುದರಿಂದ ಅದರ ತಿರುಗುವಿಕೆಗೆ ಬೀಗ ಹಾಕಿಡುವುದು ಜಾಣತನ.

ಹೆಚ್ಚು ಕಾಡುವುದು ಕಾಲು. ಪಾದ ನೆಲ ಕಚ್ಚಿ ನಿಲ್ಲಬೇಕಾದ್ದರಿಂದ, ಪಾದವನ್ನು ಎಳೆದರೆ ಮಂಡಿ ತಾನೇ ಮಡಚುವ ಐಕೆ ವ್ಯವಸ್ಥೆ ಬೇಕು. ಅದನ್ನು ಮೊಣಕಾಲಿನ ಕೆಳಗಿನ ಮೂಳೆಗೆ ಹಾಕಿ, `Chain Length` ಅನ್ನು 2 ಎಂದು ಕೊಡಬೇಕು: ತೊಡೆ ಒಂದು, ಅದರ ಕೆಳಗಿನದು ಇನ್ನೊಂದು. ಸೊನ್ನೆ ಎಂದೇ ಬಿಟ್ಟರೆ ಸರಪಳಿ ಮೇಲಕ್ಕೆ ಬೆಳೆದು, ಪಾದ ಎತ್ತಿದಾಗ ಸೊಂಟವೂ ಸೊಟ್ಟಗಾಗುತ್ತದೆ. ಮೂಲ ಭಂಗಿಯಲ್ಲಿ ಮಂಡಿ ಕೊಂಚ ಮುಂದಕ್ಕೆ ಬಾಗಿರಲೇಬೇಕು. ಕಾಲು ಕಡ್ಡಿಯಂತೆ ನೇರವಾಗಿದ್ದರೆ ಯಾವ ಕಡೆ ಮಡಚಬೇಕೆಂದು ಗಣಕಕ್ಕೆ ತಿಳಿಯದೆ ಮಂಡಿ ಹಿಂದಕ್ಕೂ ಮುರಿಯಬಹುದು. ಮಂಡಿಯ ಹಿಡಿಕೆ ಜೋಡಿಸಿದ ಕೂಡಲೇ ಕಾಲು ಪಕ್ಕಕ್ಕೆ ತಿರುಚಿಕೊಂಡರೆ ಗಾಬರಿ ಬೇಡ, `Pole Angle` ತಿದ್ದಿದರೆ ನೇರವಾಗುತ್ತದೆ.

ಪುಟ್ಟ `putta.blend` ಎಂಬ ತನ್ನದೇ ಕಡತದಲ್ಲಿರಬೇಕು. ಕಂತುಗಳು ಅವನನ್ನು ನಕಲು ಮಾಡಿಕೊಳ್ಳದೆ `Link` ಮೂಲಕ ಕರೆಸಿಕೊಂಡು, ಆಡಿಸಲು `Library Override` ಬಳಸುತ್ತವೆ. ಹೀಗಿದ್ದಾಗ ಅಂಗಿಯ ಬಣ್ಣವನ್ನು ಮೂಲದಲ್ಲಿ ಒಮ್ಮೆ ಬದಲಿಸಿದರೆ, ಮುಂದೆ ತೆರೆಯುವ ಎಲ್ಲ ಕಂತುಗಳಲ್ಲೂ ಬದಲಾಗುತ್ತದೆ. ಅದೇ ಕಾರಣಕ್ಕೆ ತಪ್ಪುಗಳೂ ಎಲ್ಲೆಡೆ ಹರಡುತ್ತವೆ.

ಸರಣಿಯ ನಡುವೆ ಹೊಸ ಮೂಳೆ ಸೇರಿಸಬಹುದು, ಹಿಡಿಕೆಯ ಆಕಾರ ಬದಲಿಸಬಹುದು. ಹೆಸರನ್ನೂ, ಮೂಳೆಯ ತಿರುಗುವಿಕೆಯನ್ನು ಲೆಕ್ಕವಿಡುವ ಕ್ರಮವನ್ನೂ ಮುಟ್ಟಬಾರದು. `Quaternion` ನಲ್ಲಿ ದಾಖಲಾದ ಚಲನೆಯನ್ನು `XYZ Euler` ಗೆ ಬದಲಿಸಿದ ಮೂಳೆ ಓದುವುದೇ ಇಲ್ಲ. ಆದ್ದರಿಂದ ಮೊದಲ ಕಂತಿಗೆ ಕೈ ಹಾಕುವ ಮುನ್ನ ಖಾಲಿ ಕಡತವೊಂದಕ್ಕೆ ಪುಟ್ಟನನ್ನು ಕರೆಸಿ ನಡೆಸಿ, ಕೂರಿಸಿ, ಒಂದು ಭಂಗಿಯನ್ನು ತಿರುವಿ ಅಂಟಿಸಿ ನೋಡಿ. ಹೆಸರು ತಿದ್ದುವುದಿದ್ದರೆ ಅಲ್ಲಿಯೇ ತಿದ್ದಿ ಮುಗಿಸಿ.